ತಾತನ ಹೆಸರು, ಅಪ್ಪನ ಇನಿಷಿಯಲ್: ಆರು ತಲೆಮಾರಿನ ಕತೆಗೆ ಹೆಸರಿಡೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬರವಣಿಗೆಯ ಬಗ್ಗೆ ಮಾತಾಡೋ ಸಂಚಿಕೆಗಳಿಗೆ ನಿಮ್ಮಿಂದ ಬರೋ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇರುತ್ತೆ. "ಒಂದು ಕುಟುಂಬದ ನೂರು ವರ್ಷದ ಕತೆ ಬರೀಬೇಕು ಅಂತಿದ್ದೀನಿ. ಮುತ್ತಾತನಿಂದ ಮರಿಮಗನ ತನಕ ಎಲ್ಲರಿಗೂ ಹೆಸರಿಡಬೇಕು. ಹೇಗೆ ಇಟ್ಟರೂ ಸುಳ್ಳು ಅನ್ನಿಸುತ್ತೆ."

ಸುಳ್ಳು ಅನ್ನಿಸೋದಕ್ಕೆ ಕಾರಣ ಇದೆ. ನಾವು ಒಂದೊಂದು ಪಾತ್ರಕ್ಕೂ ಬಿಡಿಬಿಡಿಯಾಗಿ, ಚೆನ್ನಾಗಿ ಕೇಳಿಸೋ ಹೆಸರು ಹುಡುಕ್ತೀವಿ. ಆದರೆ ನಿಜವಾದ ಮನೆಯಲ್ಲಿ ಯಾರೂ ಬಿಡಿಯಾಗಿ ಹೆಸರಿಡಲ್ಲ. ಮಗುವಿನ ಹೆಸರಿನ ಅರ್ಧ ಭಾಗ ಅದು ಹುಟ್ಟೋ ಮೊದಲೇ ತೀರ್ಮಾನ ಆಗಿರುತ್ತೆ. ಊರು ಆಗಲೇ ಇದೆ, ಅಪ್ಪನ ಹೆಸರು ಆಗಲೇ ಇದೆ, ಎಷ್ಟೋ ಮನೆಗಳಲ್ಲಿ ತಾತನ ಹೆಸರು ಕೂಡ ಕಾಯ್ತಾ ಇರುತ್ತೆ. ಹಾಗಾಗಿ ಮೊದಲು ಹುಡುಕಬೇಕಾದ್ದು ಹೆಸರನ್ನಲ್ಲ, ಆ ಮನೆಯ ನಿಯಮವನ್ನು. ಇವತ್ತು ನಾನು ಹಳೇ ಮೈಸೂರು ಕಡೆಯ ಒಂದು ರೈತ ಕುಟುಂಬವನ್ನು ಕಲ್ಪಿಸಿಕೊಂಡು, ಆರು ತಲೆಮಾರಿಗೆ ನಿಮ್ಮ ಮುಂದೇನೇ ಹೆಸರಿಡ್ತೀನಿ.

ಇನಿಷಿಯಲ್ ಅಂದ್ರೆ ಸರ್‌ನೇಮ್ ಅಲ್ಲ

ಮೊದಲು ಇನಿಷಿಯಲ್ ಹೇಗೆ ನಡೆಯುತ್ತೆ ಅಂತ ನೋಡೋಣ. ಎಲ್ಲರಿಗೂ ಗೊತ್ತಿರೋ ಉದಾಹರಣೆ ತಗೊಳ್ಳಿ. ಕುವೆಂಪು ಅಂದ್ರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಅವರ ಹೆಸರು. ಇಂಗ್ಲಿಷ್ ಅಕ್ಷರದಲ್ಲಿ ಕೆ.ವಿ. ಪುಟ್ಟಪ್ಪ. ಅವರ ಮಗ ಕೆ.ಪಿ. ಪೂರ್ಣಚಂದ್ರ ತೇಜಸ್ವಿ. ಇಲ್ಲಿ 'ಕೆ' ಹಾಗೇ ಉಳೀತು, ಯಾಕಂದ್ರೆ ಊರು ಬದಲಾಗಲಿಲ್ಲ. 'ವಿ' ಹೋಗಿ 'ಪಿ' ಬಂತು, ಯಾಕಂದ್ರೆ ಅಪ್ಪ ಬದಲಾದರು. ಅಂದ್ರೆ ಮೊದಲ ಅಕ್ಷರ ನಿಂತ ನೀರು, ಎರಡನೇ ಅಕ್ಷರ ಒಂದೊಂದು ತಲೆಮಾರಿಗೂ ಒಂದು ಹೆಜ್ಜೆ ಮುಂದೆ ಹೋಗುತ್ತೆ.

ಹೊಸಬರ ಹಸ್ತಪ್ರತಿಗಳಲ್ಲಿ ಹೆಚ್ಚಾಗಿ ಎಡವೋದು ಇಲ್ಲೇ. ತಾತ ಎಂ.ಬಿ., ಅಪ್ಪ ಎಂ.ಬಿ., ಮಗನೂ ಎಂ.ಬಿ. ಅಂತ ಇನಿಷಿಯಲ್ಲನ್ನು ಸರ್‌ನೇಮ್ ಥರ ಬಳಸಿರ್ತಾರೆ. ಇದನ್ನು ಪತ್ತೆ ಹಚ್ಚೋದು ಸುಲಭ. ಪ್ರತಿ ಪಾತ್ರದ ಎರಡನೇ ಅಕ್ಷರ ಅವರ ಅಪ್ಪನ ಹೆಸರಿನ ಮೊದಲ ಅಕ್ಷರಕ್ಕೆ ಹೊಂದಬೇಕು. ಹೊಂದದಿದ್ದರೆ ಒಂದೋ ನೀವು ತಪ್ಪಿದ್ದೀರಿ, ಇಲ್ಲಾಂದ್ರೆ ಅಲ್ಲಿ ದತ್ತು ಹೋದ ಮಗನ ಕತೆ ಒಂದು ಇದೆ. ಎರಡನೇದಾದರೆ ಅದನ್ನು ನೀವು ಹೇಳಲೇಬೇಕು, ಓದುಗರು ಕಾಯ್ತಾ ಇರ್ತಾರೆ.

ಇದು ಕರ್ನಾಟಕದ ಎಲ್ಲಾ ಕಡೆ ನಡೆಯೋ ನಿಯಮ ಅಲ್ಲ ಅನ್ನೋದೂ ನೆನಪಿರಲಿ. ಧಾರವಾಡದ ಕಡೆ ನೋಡಿ: ದ.ರಾ. ಬೇಂದ್ರೆ, ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಅಲ್ಲಿ ಸ್ವಂತ ಹೆಸರು ಮೊದಲು, ಅಪ್ಪನ ಹೆಸರು ನಡುವೆ, ಮನೆತನದ ಹೆಸರು ಕೊನೆಗೆ. ನಿಂತ ನೀರು ಮುಂದಿಲ್ಲ, ಹಿಂದಿದೆ. ಹಾಗಾಗಿ ನಿಮ್ಮ ಕತೆಯ ಮನೆ ಮಂಡ್ಯದಲ್ಲಿದೆಯೋ ಗದಗದಲ್ಲಿದೆಯೋ ಅನ್ನೋದು ಮೊದಲ ಪುಟದಲ್ಲೇ ಹೆಸರಿನಲ್ಲಿ ಗೊತ್ತಾಗಿಬಿಡುತ್ತೆ. ಕರಾವಳಿಯಲ್ಲಿ ತಾಯಿಯ ಕಡೆಯಿಂದ ಮನೆತನ ಎಣಿಸೋ ಅಳಿಯಸಂತಾನದ ಮನೆಗಳ ಲೆಕ್ಕವೇ ಬೇರೆ. ನಾವಿವತ್ತು ಮಂಡ್ಯ ಕಡೆಗೇ ಹೋಗೋಣ.

ಒಂದು ತಲೆಮಾರು ಬಿಟ್ಟು ಬರೋ ಹೆಸರು

ಎರಡನೇ ನಿಯಮ ತಾತನ ಹೆಸರು. ಬಹಳ ಮನೆಗಳಲ್ಲಿ ಹಿರೀ ಮಗನಿಗೆ ಅಪ್ಪನ ಅಪ್ಪನ ಹೆಸರು ಇಡ್ತಾರೆ. ಎರಡನೇ ಮಗನಿಗೆ ತಾಯಿಯ ಅಪ್ಪನ ಹೆಸರು ಬರೋದೂ ಉಂಟು.

ಇದಕ್ಕೊಂದು ಚಂದದ ನಿದರ್ಶನ ನಮ್ಮ ಸಾಹಿತ್ಯದಲ್ಲೇ ಇದೆ. ಚಳ್ಳಕೆರೆ ಬಳಿಯ ತಳುಕಿನ ಕುಟುಂಬದ ತ.ಸು. ಶಾಮರಾಯರು ತಮ್ಮ ಮನೆತನದ ಬಗ್ಗೆಯೇ 'ಮೂರು ತಲೆಮಾರು' ಅನ್ನೋ ಪುಸ್ತಕ ಬರೆದವರು. ಅವರ ತಂದೆ ಸುಬ್ಬಣ್ಣ, ಅದಕ್ಕೇ 'ಸು'. ಅವರ ಅಣ್ಣನ ಮಗ ಕಾದಂಬರಿಕಾರ ತ.ರಾ.ಸು., ಅಂದ್ರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ಚಿಕ್ಕಪ್ಪನ ಹೆಸರಿನಲ್ಲಿ ನಡುವೆ ಇದ್ದ 'ಸು' ಮಗನ ಹೆಸರಲ್ಲಿ ಕೊನೆಗೆ ಬಂದು ಕೂತಿದೆ. ತಾತ ಸುಬ್ಬಣ್ಣ, ಮೊಮ್ಮಗ ಸುಬ್ಬರಾವ್. ಎರಡು ಹೆಸರು ಪಕ್ಕಪಕ್ಕ ಇಟ್ಟರೆ ಸಾಕು, ನಡುವಿನ ಸಂಬಂಧ ತಾನೇ ಕಾಣುತ್ತೆ. ಕಾದಂಬರಿಯಲ್ಲಿ ನಿಮಗೆ ಬೇಕಾದ್ದೂ ಇದೇ.

ಈಗ ನಮ್ಮ ಕಲ್ಪನೆಯ ಕುಟುಂಬಕ್ಕೆ ಬರೋಣ. ಊರಿನ ಹೆಸರು ಮಾದನಕೆರೆ. ಮನೆದೇವರು ಭೈರವ. ಅದಕ್ಕೇ ಈ ಮನೆಯಲ್ಲಿ ಬೋರೇಗೌಡ ಅನ್ನೋ ಹೆಸರು ಮತ್ತೆ ಮತ್ತೆ ಬರುತ್ತೆ.

ಮೊದಲನೇ ತಲೆಮಾರು, 1888ರಲ್ಲಿ ಹುಟ್ಟಿದ ಬೋರೇಗೌಡ. ಇವನ ಅಪ್ಪ ಕೆಂಪೇಗೌಡ. ಬೋರೇಗೌಡನಿಗೆ ಇನಿಷಿಯಲ್ ಇಲ್ಲ, ಇರಬಾರದು. ಇನಿಷಿಯಲ್ ಬೇಕಾಗೋದು ಶಾಲೆಯ ಹಾಜರಿ ಪುಸ್ತಕಕ್ಕೆ, ಸರ್ಕಾರಿ ನೌಕರಿಗೆ. ಶಾಲೆಗೇ ಹೋಗದ ರೈತನಿಗೆ ಅದು ಯಾಕೆ? ಅವನ ಹೆಸರು ಕಾಗದದ ಮೇಲೆ ಬರೋದು ಜಮೀನಿನ ದಾಖಲೆಯಲ್ಲಿ ಮಾತ್ರ. ಅಲ್ಲಿ ಬರೆಯೋದು "ಬೋರೇಗೌಡ ಬಿನ್ ಕೆಂಪೇಗೌಡ" ಅಂತ. 'ಬಿನ್' ಅಂದ್ರೆ ಇಂಥವರ ಮಗ. ಹೆಂಡತಿಯಾದರೆ 'ಕೋಂ': "ನಿಂಗಮ್ಮ ಕೋಂ ಬೋರೇಗೌಡ". ಇವತ್ತಿಗೂ ನಿಮ್ಮ ಮನೆಯ ಹಳೇ ಪತ್ರ ತೆಗೆದು ನೋಡಿ, ಈ ಎರಡು ಪದ ಸಿಗುತ್ವೆ.

ಎರಡನೇ ತಲೆಮಾರು, 1914. ಹಿರೀ ಮಗ ಕೆಂಪೇಗೌಡ, ತಾತನ ಹೆಸರು. ಇವನು ನಾಲ್ಕನೇ ಕ್ಲಾಸ್ ಓದಿದ, ಹಾಗಾಗಿ ಮನೆಯಲ್ಲಿ ಮೊದಲ ಸಲ ಇನಿಷಿಯಲ್ ಬಂತು: ಎಂ.ಬಿ. ಕೆಂಪೇಗೌಡ. ತಮ್ಮ ಎಂ.ಬಿ. ನಿಂಗೇಗೌಡ.

ಮೂರನೇ ತಲೆಮಾರು, 1940. ಹಿಂದಿನ ವರ್ಷ ತಾತ ಬೋರೇಗೌಡ ತೀರಿಕೊಂಡಿದ್ದಾರೆ. ಮಗು ಹುಟ್ಟಿದಾಗ "ತಾತನೇ ಬಂದ" ಅಂತ ಎಲ್ಲರೂ ಹೇಳ್ತಾರೆ, ಬೇರೆ ಹೆಸರಿನ ಮಾತೇ ಇಲ್ಲ. ಎಂ.ಕೆ. ಬೋರೇಗೌಡ. ಅದೇ ಕಾಲಕ್ಕೆ ಚಿಕ್ಕಪ್ಪ ನಿಂಗೇಗೌಡನಿಗೂ ಮೊದಲ ಗಂಡು ಮಗು. ಅವನೂ ತನ್ನ ಅಪ್ಪನ ಹೆಸರನ್ನೇ ಇಡ್ತಾನೆ: ಎಂ.ಎನ್. ಬೋರೇಗೌಡ. ಒಂದೇ ಅಂಗಳದಲ್ಲಿ ಇಬ್ಬರು ಬೋರೇಗೌಡರು ಆಡ್ತಿದ್ದಾರೆ. ಅವರನ್ನು ಬೇರೆ ಮಾಡೋದು ನಡುವಿನ ಒಂದು ಅಕ್ಷರ ಮಾತ್ರ.

ನಾಲ್ಕನೇ ತಲೆಮಾರು, 1968. ನಿಯಮದ ಪ್ರಕಾರ ಇವನು ಕೆಂಪೇಗೌಡ ಆಗಬೇಕು. ಆದರೆ ತಾತ ಕೆಂಪೇಗೌಡ ಇನ್ನೂ ಬದುಕಿದ್ದಾರೆ. ಬದುಕಿರೋರ ಹೆಸರು ಮಗುವಿಗೆ ಇಡಬಾರದು ಅನ್ನೋದು ಈ ಮನೆಯ ಪದ್ಧತಿ ಅಂತ ಇಟ್ಟುಕೊಳ್ಳೋಣ. ಕೆಲವು ಮನೆಗಳಲ್ಲಿ ಇಡ್ತಾರೆ, ಕೆಲವು ಮನೆಗಳಲ್ಲಿ ಇಡಲ್ಲ. ಯಾವುದು ಅಂತ ನೀವು ಒಂದು ಸಲ ತೀರ್ಮಾನ ಮಾಡಿ, ಆಮೇಲೆ ಬದಲಿಸಬೇಡಿ. ಜೊತೆಗೆ ಮಗುವಿನ ತಾಯಿ ಪೇಟೆ ಕಡೆಯವಳು, ಹೊಸ ಥರದ ಹೆಸರು ಬೇಕು ಅಂತಾಳೆ. ರಾಜಿ ಆಗೋದು ಅಕ್ಷರದಲ್ಲಿ. 'ಕೆ' ಇರಲಿ, ಹೆಸರು ಕುಮಾರ ಆಗಲಿ. ಎಂ.ಬಿ. ಕುಮಾರ.

ಐದನೇ ತಲೆಮಾರು, 1996. ಅದೇ ರಾಜಿ ಮತ್ತೆ. ಬೋರೇಗೌಡರ 'ಬಿ' ಉಳಿಸಿಕೊಂಡು ಭರತ್. ಕನ್ನಡದಲ್ಲಿ ನೋಡಿದರೆ ಬೋರೇಗೌಡ 'ಬ', ಭರತ್ 'ಭ', ಬೇರೆ ಬೇರೆ ಅಕ್ಷರ. ಇನಿಷಿಯಲ್ ಇಂಗ್ಲಿಷ್‌ನಲ್ಲಿ ಬರೆಯೋದರಿಂದ ಎರಡೂ ಒಂದೇ ಆಗಿಬಿಡುತ್ವೆ. ಇನ್ನೊಂದು ಬದಲಾವಣೆ ಗಮನಿಸಿ. ಇವನು ಎಂ.ಕೆ. ಭರತ್ ಅಲ್ಲ, ಭರತ್ ಎಂ.ಕೆ. ಇನಿಷಿಯಲ್ ಹೆಸರಿನ ಹಿಂದಕ್ಕೆ ಸರಿದಿದೆ. ಈ ವಯಸ್ಸಿನ ಎಷ್ಟೋ ಜನರ ಮಾರ್ಕ್ಸ್ ಕಾರ್ಡ್‌ನಲ್ಲಿ ಹೀಗೇ ಇರೋದು.

ಆರನೇ ತಲೆಮಾರು, 2024. ಕಿಯಾನ್ ಭರತ್. ತಾತ ಕುಮಾರನ 'ಕೆ' ಇದೆ, ಅಪ್ಪನ ಹೆಸರು ಪೂರ್ತಿ ಇದೆ. ಮಾದನಕೆರೆ ಇಲ್ಲ.

ಒಂದೇ ಹೆಸರು, ಎರಡು ಮನುಷ್ಯರು

ಈಗ ಈ ಪಟ್ಟಿಯನ್ನು ಇನ್ನೊಂದು ಸಲ ನೋಡಿ. ತಾತ ಎಂ.ಬಿ. ಕೆಂಪೇಗೌಡ, ಮೊಮ್ಮಗ ಎಂ.ಬಿ. ಕುಮಾರ. ಇಬ್ಬರೂ ಎಂ.ಬಿ.ಕೆ. ಹಳೇ ಹಿತ್ತಾಳೆ ಬಿಂದಿಗೆ ಮೇಲೆ ಎಂ.ಬಿ.ಕೆ. ಅಂತ ಕೆತ್ತಿದ್ದರೆ ಅದು ಯಾರದ್ದು? ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಸೋ ರೂಢಿ ನಮ್ಮಲ್ಲಿ ಇದ್ದೇ ಇದೆ, ಹಾಗಾಗಿ ಇದು ಕತೆಗಾಗಿ ತಂದು ತುರುಕಿದ ಪ್ರಶ್ನೆ ಅನ್ನಿಸಲ್ಲ.

ಬಿಂದಿಗೆ ಆದರೆ ಪರವಾಗಿಲ್ಲ. ಜಮೀನಾದರೆ? ಒಂದನೇ ತಲೆಮಾರಿನವನು ಕಾಗದದಲ್ಲಿ "ಬೋರೇಗೌಡ ಬಿನ್ ಕೆಂಪೇಗೌಡ". ಮೂರನೇ ತಲೆಮಾರಿನವನೂ "ಬೋರೇಗೌಡ ಬಿನ್ ಕೆಂಪೇಗೌಡ". ಅಕ್ಷರ ಅಕ್ಷರ ಒಂದೇ. ತಾತನ ಹೆಸರಿಡೋ ನಿಯಮ ಪಾಲಿಸಿದ ಮನೆಯಲ್ಲಿ, ಹೆಸರು ಮತ್ತು ಅಪ್ಪನ ಹೆಸರು ಎರಡೂ ಸೇರಿ, ಒಂದು ತಲೆಮಾರು ಬಿಟ್ಟು ಇದ್ದ ಹಾಗೇ ಮರಳಿ ಬರುತ್ತೆ.

ಇದರಿಂದ ಏನಾಗುತ್ತೆ ಅಂತ ಯೋಚಿಸಿ. ಯಾರಾದರೂ ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋದನ್ನು ಪೌತಿ ಖಾತೆ ಅಂತಾರೆ. ಎಷ್ಟೋ ಮನೆಗಳಲ್ಲಿ ಅದನ್ನು ಮಾಡಿಸದೇ ದಶಕಗಳು ಕಳೆದಿರುತ್ವೆ. ನಮ್ಮ ಕತೆಯಲ್ಲೂ ಹಾಗೇ ಆಗಿದೆ ಅನ್ನಿ. ಪಹಣಿಯಲ್ಲಿ "ಬೋರೇಗೌಡ ಬಿನ್ ಕೆಂಪೇಗೌಡ" ಹೆಸರಲ್ಲಿ ಮೂರು ಎಕರೆ ಇದೆ. ಅದು 1939ರಲ್ಲಿ ತೀರಿಕೊಂಡ ತಾತನದ್ದಾದರೆ, ಕೆಂಪೇಗೌಡ ಮತ್ತು ನಿಂಗೇಗೌಡ ಇಬ್ಬರ ಮಕ್ಕಳಿಗೂ ಪಾಲು ಬರಬೇಕು. ಮೊಮ್ಮಗ ಎಂ.ಕೆ. ಬೋರೇಗೌಡ ಸ್ವಂತ ದುಡಿಮೆಯಲ್ಲಿ ತಗೊಂಡಿದ್ದಾದರೆ, ಚಿಕ್ಕಪ್ಪನ ಮಗ ಎಂ.ಎನ್. ಬೋರೇಗೌಡನಿಗೆ ಅದರಲ್ಲಿ ಏನೂ ಇಲ್ಲ. ಅಂಗಳದಲ್ಲಿ ಜೊತೆಗೆ ಆಡಿದ ಇಬ್ಬರು ಬೋರೇಗೌಡರು ಐವತ್ತು ವರ್ಷ ಆದಮೇಲೆ ಒಂದು ಹೆಸರಿಗಾಗಿ ಕೋರ್ಟ್ ಮೆಟ್ಟಿಲು ಹತ್ತಬಹುದು. ಉತ್ತರ ಇರೋದು ಹೆಸರಲ್ಲಲ್ಲ, ಕ್ರಯಪತ್ರದ ತಾರೀಖಿನಲ್ಲಿ. 1935ರ ಪತ್ರ ಆದರೆ ಅದು ತಾತನದೇ, ಮೊಮ್ಮಗ ಆಗ ಹುಟ್ಟೇ ಇಲ್ಲ.

ನೋಡಿ, ಈ ಜಗಳವನ್ನು ನಾನು ಹೊಸದಾಗಿ ಹುಟ್ಟಿಸಲಿಲ್ಲ. ನಿಯಮ ಸರಿಯಾಗಿ ಪಾಲಿಸಿದ್ದಕ್ಕೆ ಅದು ತಾನಾಗಿ ಬಂತು.

ಮನೆಯಲ್ಲಿ ಏನಂತ ಕರೀತಾರೆ?

ಆದರೆ ಓದುಗರ ಗತಿ ಏನು? ಮೂವರು ಬೋರೇಗೌಡರು, ಇಬ್ಬರು ಕೆಂಪೇಗೌಡರು. ಯಾರು ಯಾರು ಅಂತ ಹತ್ತನೇ ಪುಟಕ್ಕೇ ಪುಸ್ತಕ ಮುಚ್ಚಿಬಿಡ್ತಾರೆ. ಮಾರ್ಕ್ವೆಜ್‌ನ 'ಒನ್ ಹಂಡ್ರೆಡ್ ಇಯರ್ಸ್ ಆಫ್ ಸಾಲಿಟ್ಯೂಡ್' ಓದಿದವರಿಗೆ ಗೊತ್ತು, ಅಲ್ಲಿ ಅದೇ ಹೆಸರುಗಳು ಮತ್ತೆ ಮತ್ತೆ ಬಂದು ತಲೆ ತಿರುಗುತ್ತೆ. ಅಲ್ಲಿ ಅದು ಬೇಕಂತಲೇ ಮಾಡಿದ್ದು. ನಮಗೆ ಹಾಗೆ ಬೇಡ ಅಂದ್ರೆ ದಾರಿ ನಮ್ಮ ಮನೆಗಳಲ್ಲೇ ಇದೆ.

ಹಿಂದೆ ಸೊಸೆಯರು ಗಂಡನ ಹೆಸರನ್ನಾಗಲಿ ಮಾವನ ಹೆಸರನ್ನಾಗಲಿ ಬಾಯಲ್ಲಿ ಹೇಳ್ತಿರಲಿಲ್ಲ. ಈಗ ಮೂರನೇ ತಲೆಮಾರಿನ ಮಗುವಿನ ತಾಯಿಯನ್ನು ಯೋಚಿಸಿ. ಅವಳ ಮಾವನ ಹೆಸರು ಬೋರೇಗೌಡ, ಮಗನ ಹೆಸರೂ ಬೋರೇಗೌಡ. ತನ್ನ ಮಗನನ್ನೇ ಹೆಸರು ಹಿಡಿದು ಕೂಗೋ ಹಾಗಿಲ್ಲ! ಬೈಯೋದಂತೂ ದೂರದ ಮಾತು. ಹಾಗಾಗಿ ಅವಳು "ಅಪ್ಪಯ್ಯ" ಅಂತ ಕರೀತಾಳೆ. ಚಿಕ್ಕಪ್ಪನ ಮನೆಯ ಬೋರೇಗೌಡನನ್ನು ಅವನ ತಾಯಿ "ಪುಟ್ಟು" ಅಂತಾಳೆ. ಈ ಕರೆಯೋ ಹೆಸರು ಊರಿಗೆಲ್ಲಾ ಹಬ್ಬಿ, ಕೊನೆಗೆ ಕಾಗದಕ್ಕೂ ಬರಬಹುದು: "ಬೋರೇಗೌಡ ಉರುಫ್ ಪುಟ್ಟು".

ಅಂದ್ರೆ ಪ್ರತಿ ಪಾತ್ರಕ್ಕೂ ಎರಡು ಹೆಸರು ಬೇಕು, ಕಾಗದದ್ದು ಒಂದು, ಮನೆಯದ್ದು ಒಂದು. ಕತೆಯನ್ನು ಮನೆಯ ಹೆಸರಲ್ಲಿ ಹೇಳಿ. ಕಾಗದದ ಹೆಸರನ್ನು ಶಾಲೆ, ಮದುವೆ ಪತ್ರಿಕೆ, ಪೊಲೀಸ್ ಠಾಣೆ, ತಾಲ್ಲೂಕು ಕಚೇರಿಗೆ ಉಳಿಸಿಕೊಳ್ಳಿ. ಅಪ್ಪಯ್ಯ, ಪುಟ್ಟು ಅಂತ ನೂರು ಪುಟ ಓದಿದ ಮೇಲೆ ಕಚೇರಿಯ ಜವಾನ "ಬೋರೇಗೌಡ ಬಿನ್ ಕೆಂಪೇಗೌಡ ಯಾರ್ರೀ?" ಅಂತ ಕೂಗಿದಾಗ ಓದುಗರಿಗೆ ಗೊಂದಲ ಆಗಲ್ಲ, ಏನೋ ಆಗ್ತಿದೆ ಅಂತ ಮೈ ನೆಟ್ಟಗಾಗುತ್ತೆ.

ಮನೆಯ ಹೆಸರು ಆರಿಸುವಾಗ ಒಂದು ಎಚ್ಚರ ಸಾಕು. ಒಂದೇ ದೃಶ್ಯದಲ್ಲಿ ಬರೋ ಇಬ್ಬರಿಗೆ ಪುಟ್ಟು, ಪುಟ್ಟಣ್ಣ ಅಂತ ಒಂದೇ ಥರ ಶುರುವಾಗೋ ಹೆಸರು ಬೇಡ. ಕಾಗದದ ಹೆಸರುಗಳು ಒಂದೇ ಥರ ಇದ್ದಷ್ಟೂ ಮನೆಯ ಹೆಸರುಗಳು ದೂರ ದೂರ ಇರಲಿ.

ಜಯಮ್ಮನ ಇನಿಷಿಯಲ್

ಇಷ್ಟು ಹೊತ್ತು ಗಂಡು ಮಕ್ಕಳ ಲೆಕ್ಕವೇ ಆಯ್ತು, ಯಾಕಂದ್ರೆ ಈ ಪದ್ಧತಿ ಕಟ್ಟಿರೋದೇ ಹಾಗೆ. ಎಂ.ಕೆ. ಬೋರೇಗೌಡನಿಗೆ ಒಬ್ಬಳು ತಂಗಿ ಇದ್ದಾಳೆ, 1947ರಲ್ಲಿ ಹುಟ್ಟಿದ ಜಯಮ್ಮ. ಅವಳ ಅಜ್ಜಿ ನಿಂಗಮ್ಮನಿಗೆ ಸ್ವಂತ ಇನಿಷಿಯಲ್ ಯಾವತ್ತೂ ಇರಲಿಲ್ಲ, 'ಕೋಂ' ಅನ್ನೋದರ ಈಚೆಗಷ್ಟೇ ಅವಳು ಇದ್ದದ್ದು. ಜಯಮ್ಮ ಶಾಲೆಗೆ ಹೋದ್ದರಿಂದ ಎಂ.ಕೆ. ಜಯಮ್ಮ ಆದಳು.

ಮದುವೆ ಆದಮೇಲೆ ಅವಳ ಹೆಸರಿಗೆ ಎರಡು ದಾರಿ. ಓದು ನಿಲ್ಲಿಸಿ ಗಂಡನ ಮನೆಗೆ ಹೋದರೆ, ಮುಂದಿನ ಕಾಗದಗಳಲ್ಲಿ ಅವಳು "ಜಯಮ್ಮ ಕೋಂ ರಾಮೇಗೌಡ". ಮಾದನಕೆರೆಯ ಎಂ, ಅಪ್ಪನ ಕೆ ಎರಡೂ ಹೋಯ್ತು. ಓದಿ ಮೇಷ್ಟ್ರ ಕೆಲಸಕ್ಕೆ ಸೇರಿದರೆ ಎಸ್ಸೆಸ್ಸೆಲ್ಸಿ ಪತ್ರದಲ್ಲಿ ಇದ್ದ ಹೆಸರೇ ಸರ್ವಿಸ್ ದಾಖಲೆಗೆ ಹೋಗುತ್ತೆ. ಮದುವೆಯಾಗಿ ಮೂವತ್ತು ವರ್ಷ ಆದರೂ ಮಕ್ಕಳು "ಎಂ.ಕೆ.ಜೆ. ಮೇಡಂ" ಅಂತಾನೇ ಕರೀತಾರೆ. ಒಂದೇ ಮನೆಯ ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳ ಇನಿಷಿಯಲ್ ಉಳಿದು ಇನ್ನೊಬ್ಬಳದು ಅಳಿಸಿಹೋದರೆ, ಯಾರನ್ನು ಓದಿಸಿದರು ಅಂತ ನೀವು ಪ್ರತ್ಯೇಕ ಹೇಳಬೇಕಾಗಿಲ್ಲ.

ಪಾಲಿನ ಜಗಳ ಇರೋ ಕತೆಯಲ್ಲಿ ಇದು ಇನ್ನೂ ಮುಖ್ಯ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅಂತ ದೇಶಕ್ಕೆಲ್ಲಾ ಅನ್ವಯಿಸೋ ತಿದ್ದುಪಡಿ ಬಂದದ್ದು 2005ರಲ್ಲಿ. ಅಲ್ಲಿಗೆ ಜಯಮ್ಮನಿಗೆ ಐವತ್ತೆಂಟು. ಅವಳು ತವರಿಗೆ ಬಂದು ಪಾಲು ಕೇಳಿದಾಗ, ತಾನು ಕೆಂಪೇಗೌಡರ ಮಗಳು ಅಂತ ತೋರಿಸೋಕೆ ಕೈಯಲ್ಲಿ ಯಾವ ಕಾಗದ ಇದೆ?

'ಎಂ' ಎಲ್ಲಿ ಹೋಯ್ತು?

ಕೊನೆಗೆ, ಕಿಯಾನ್ ಭರತ್‌ಗೆ ಬರೋಣ. ಅವನ ಹೆಸರಿನಿಂದ ಮಾದನಕೆರೆ ಬಿಟ್ಟುಹೋಗಿದ್ದು ಯಾರ ತೀರ್ಮಾನ? ಹೆಚ್ಚುಕಡಿಮೆ ಯಾರದ್ದೂ ಅಲ್ಲ, ಒಂದು ಫಾರಂನದು.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೆಸರಿಗೊಂದು, ಸರ್‌ನೇಮ್‌ಗೊಂದು ಖಾನೆ ಇರುತ್ತೆ. ಇನಿಷಿಯಲ್ ಹಾಕೋ ಹಾಗಿಲ್ಲ, ಬಿಡಿಸಿ ಬರೀಬೇಕು. ಭರತ್ ಎಂ.ಕೆ. ಹೊರದೇಶಕ್ಕೆ ಹೊರಟಾಗ ಭರತ್ ಮಾದನಕೆರೆ ಕುಮಾರ್ ಆದ. ಸರ್‌ನೇಮ್ ಖಾನೆಯಲ್ಲಿ ಕುಮಾರ್. ಆಫೀಸಿನಲ್ಲಿ "ಮಿಸ್ಟರ್ ಕುಮಾರ್" ಅಂತ ಕರೆದಾಗಲೆಲ್ಲ ಅವರು ಅವನ ಅಪ್ಪನನ್ನು ಕರೀತಿದ್ದಾರೆ. ಇದರ ತಂಟೆಯೇ ಬೇಡ ಅಂತ ಅವನು ಮಗನಿಗೆ ಎರಡೇ ಪದದ ಹೆಸರಿಟ್ಟ.

ಊರಿನ ಮನೆ ಮಾರಿದ ದಿನ, ಕೊನೆಯ ಸಲ ಹಬ್ಬಕ್ಕೆ ಹೋದ ದಿನ, ಇವನ್ನೆಲ್ಲಾ ನೀವು ದೃಶ್ಯವಾಗಿ ಬರೀತೀರಿ, ಸರಿ. ಆದರೆ ಊರು ಕೈತಪ್ಪಿದ್ದನ್ನು ಆರು ಹೆಸರುಗಳು ಮೊದಲೇ ಹೇಳಿಬಿಟ್ಟಿವೆ: ಬೋರೇಗೌಡ, ಎಂ.ಬಿ. ಕೆಂಪೇಗೌಡ, ಎಂ.ಕೆ. ಬೋರೇಗೌಡ, ಎಂ.ಬಿ. ಕುಮಾರ, ಭರತ್ ಎಂ.ಕೆ., ಕಿಯಾನ್ ಭರತ್. ಊರಲ್ಲೇ ಇದ್ದವನಿಗೆ ಊರಿನ ಅಕ್ಷರ ಬೇಕಿರಲಿಲ್ಲ. ಹೊರಗೆ ಹೋದವರಿಗೆ ಬೇಕಾಯ್ತು. ಇನ್ನೂ ದೂರ ಹೋದವನಿಗೆ ಮತ್ತೆ ಬೇಡವಾಯ್ತು.

ಬರೆಯೋಕೆ ಕೂರೋ ಮೊದಲು ಫೋನ್‌ನ ನೋಟ್ಸ್‌ನಲ್ಲಿ ಒಬ್ಬೊಬ್ಬರಿಗೂ ನಾಲ್ಕು ಸಾಲು ಹಾಕಿಕೊಳ್ಳಿ:

- ಹುಟ್ಟಿದ ವರ್ಷ, ಮತ್ತು ಆಗ ತಾತ ಬದುಕಿದ್ದರೋ ಇಲ್ಲವೋ
- ಕಾಗದದ ಹೆಸರು, ಇನಿಷಿಯಲ್ ಸಮೇತ
- ಮನೆಯ ಹೆಸರು, ಅದನ್ನು ಇಟ್ಟವರು ಯಾರು
- ಆ ಹೆಸರನ್ನು ಬಾಯಲ್ಲಿ ಹೇಳದವರು ಯಾರು

ನಾಲ್ಕನೇ ಸಾಲನ್ನು ಬಹಳ ಜನ ಬಿಟ್ಟುಬಿಡ್ತಾರೆ, ಅದನ್ನ ಬಿಡಬೇಡಿ. ಹಾಗೇ ಇವತ್ತು ಮನೆಗೆ ಹೋದಾಗ ಅಜ್ಜಿನೋ ಅತ್ತೆನೋ ಇದ್ದರೆ, ನಿಮ್ಮ ತಾತನನ್ನು ಅವರ ತಾಯಿ ಏನಂತ ಕರೀತಿದ್ರು ಅಂತ ಕೇಳಿ ನೋಡಿ. ಸಿಕ್ಕ ಉತ್ತರವನ್ನು ನಮಗೂ ವಾಯ್ಸ್ ಮೆಸೇಜ್ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.